ಎದುರುಬದುರು ನಿಲ್ಲಿಸುವುದಿಲ್ಲ ಎಂದಿದ್ದೆ

ಆ ವರ್ಷ ನಾನು ಬನಶಂಕರಿಯ ಒಂದು ಖಾಸಗಿ ಶಾಲೆಯಲ್ಲಿ ಆರನೇ ತರಗತಿಯ ಕ್ಲಾಸ್ ಟೀಚರ್. ಕನ್ನಡ ಪಾಠವೂ ನನ್ನದೇ. ಕೋಣನಕುಂಟೆಯಿಂದ ಬರುತ್ತಿದ್ದ ಒಬ್ಬ ಹುಡುಗಿ ಗಟ್ಟಿಯಾಗಿ ಓದಲು ಯಾವಾಗಲೂ ಮೊದಲು ಕೈ ಎತ್ತುತ್ತಿದ್ದಳು. ಅವಳ ಮನೆಯವರು ಒಂದು ಕಾಲಕ್ಕೆ ಬೇಸಾಯಗಾರರು. ಹೊಲವೆಲ್ಲ ಬಡಾವಣೆಯಾದ ಮೇಲೆ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದರು. ದಸರಾ ರಜೆ ಕಳೆದು ಬಂದವಳು ಕೈ ಎತ್ತುವುದನ್ನೇ ನಿಲ್ಲಿಸಿದಳು. ಓದು ಎಂದರೆ ಗಂಟಲು ನೋವು ಎನ್ನುತ್ತಿದ್ದಳು.

ಕಾರಣ ಗೊತ್ತಾಗಲು ತಡವಾಗಲಿಲ್ಲ. ಅವರ ಮನೆಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ರಜೆಗೆ ಮೊದಲು ಒಂದು ದಿನ ಹಕ್ಕಿ ಎಂಬುದನ್ನು ಅವಳು ಅಕ್ಕಿ ಎಂದು ಓದಿದ್ದಳು. ಅಂದಿನಿಂದ ಮೂವರು ಹುಡುಗಿಯರು ಅವಳಿಗೆ 'ಅಕ್ಕಿ' ಎಂದೇ ಹೆಸರಿಟ್ಟಿದ್ದರು. ಊಟದ ಹೊತ್ತಿಗೆ ಡಬ್ಬಿಯೊಳಗೆ ಇಣುಕಿ, "ಅಕ್ಕಿ, ಇವತ್ತು ಅಕ್ಕಿನೇ ತಿಂತೀಯಾ?" ಎನ್ನುತ್ತಿದ್ದರು. ಮಾತನಾಡಿದರೆ ಅದನ್ನೇ ಅಣಕಿಸುತ್ತಿದ್ದರು. ಮೆಟ್ಟಿಲ ಹತ್ತಿರ ನಾನೇ ಕೇಳಿಸಿಕೊಂಡೆ. ಬೇರೆ ಇಬ್ಬರು ಮಕ್ಕಳನ್ನು ಬೇರೆಬೇರೆಯಾಗಿ ಕರೆದು ಕೇಳಿದಾಗಲೂ ಇದೇ ಮಾತು ಬಂತು. ವಾರಗಳಿಂದ ನಡೆಯುತ್ತಿತ್ತು.

ಹುಡುಗಿಯನ್ನು ಗ್ರಂಥಾಲಯಕ್ಕೆ ಕರೆದು ಕೂರಿಸಿಕೊಂಡೆ. ನನಗೆ ಗೊತ್ತಾಗಿದ್ದನ್ನು ಹೇಳಿದೆ. ಅವಳು, "ಮಿಸ್, ಅವ್ರ ಮುಂದೆ ಮಾತ್ರ ನನ್ನನ್ನ ನಿಲ್ಲಿಸ್ಬೇಡಿ" ಎಂದಳು. ನಿಲ್ಲಿಸುವುದಿಲ್ಲ ಎಂದೆ. ಅಪ್ಪ ಅಮ್ಮನಿಗೆ ತಿಳಿಸಲೇಬೇಕಾಗುತ್ತದೆ, ಏನು ಹೇಳುತ್ತೇನೆಂದು ಮೊದಲು ನಿನಗೇ ಹೇಳುತ್ತೇನೆ ಎಂದೂ ಹೇಳಿದೆ.

ನಂತರ ನಮ್ಮ ತರಗತಿಗಳ ಮೇಲ್ವಿಚಾರಣೆ ನೋಡುವ ಕೋಆರ್ಡಿನೇಟರ್ ಬಳಿ ಹೋದೆ. ಅವಳೂ ನಾನೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ನನ್ನ ತಾಯಿ ಆಸ್ಪತ್ರೆಯಲ್ಲಿದ್ದಾಗ ಜೆ.ಪಿ. ನಗರದಿಂದ ಊಟ ತಂದುಕೊಟ್ಟವಳು. ಹುಡುಗಿಯ ಭಯವನ್ನೂ, ನಾನು ಮಾಡಬೇಕೆಂದಿದ್ದನ್ನೂ ಹೇಳಿದೆ. ಅಣಕಿಸುವವರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತನಾಡುವುದು, ಮಕ್ಕಳನ್ನು ಎದುರುಬದುರು ಮಾಡದಿರುವುದು, ಊಟದ ಹೊತ್ತಿಗೆ ಒಬ್ಬ ಟೀಚರ್ ಅಲ್ಲೇ ಓಡಾಡುವುದು. "ಸರಿ ಕಣೇ, ನಾನಿದೀನಿ, ಮಾಡು" ಎಂದಳು.

ಹುಡುಗಿಗೆ ಮೊದಲು ತಿಳಿಸಿ, ಶಾಲೆಗೆ ಬನ್ನಿ ಎಂದು ಅವಳ ತಾಯಿಗೆ ಫೋನ್ ಮಾಡಿದಾಗ, ಮಗಳು ಕ್ಷೇಮವಾಗಿದ್ದಾಳೆ, ಅವಳ ಮೇಲೆ ದೂರೇನಿಲ್ಲ ಎಂದು ಮೊದಲೇ ಹೇಳಿದೆ. ಇಲ್ಲದಿದ್ದರೆ ಅವರು ದಾರಿಯುದ್ದಕ್ಕೂ ಅದೇ ಯೋಚನೆಯಲ್ಲಿ ಬರುತ್ತಾರೆ. ಗಂಡ ಹೆಂಡತಿ ಇಬ್ಬರೂ ಬಂದರು. ಸ್ಟಾಫ್ ರೂಮಿನಲ್ಲಿ ಎಲ್ಲರ ಕಿವಿ ಇರುತ್ತದೆಂದು ಸಂಗೀತದ ಕೊಠಡಿಯಲ್ಲಿ ಕೂರಿಸಿದೆ.

"ಏನಾಯ್ತು ಏಳಿ ಮೇಡಂ" ಎಂದರು ತಂದೆ.

ಆ ಒಂದು ಮಾತಿನಲ್ಲೇ ಹಕಾರ ಬಿದ್ದುಹೋಗಿತ್ತು. ಯಾವುದಕ್ಕೆ ಮಗಳನ್ನು ಅಣಕಿಸುತ್ತಿದ್ದರೋ ಅದು ಅವರ ಬಾಯಲ್ಲೇ ಇತ್ತು. ಸುತ್ತಿ ಬಳಸಿದರೆ ಅದೂ ಅವಮಾನವೇ ಎನಿಸಿ, ಕಂಡದ್ದನ್ನು, ಕೇಳಿದ್ದನ್ನು ಹಾಗೆಯೇ ಹೇಳಿದೆ. ಮೊದಲೇ ಗಮನಕ್ಕೆ ಬರಬೇಕಿತ್ತು ಎಂದೂ ಹೇಳಿ, ಮನೆಯಲ್ಲಿ ಅವಳು ಹೇಗಿದ್ದಾಳೆಂದು ಕೇಳಿದೆ.

ತಾಯಿ ಸೆರಗಿನ ತುದಿ ನೋಡುತ್ತ ಹೇಳಿದರು: "ಬೆಳಗ್ಗೆ ಒಟ್ಟೆನೋವು ಅಂತಾಳೆ ಮೇಡಂ. ನೀನು ಗೇಟ್ ತಾವ ಬರ್ಬೇಡಮ್ಮ, ಮಾತಾಡ್ಬೇಡ ಅಂತಾಳೆ. ನಾವು ಮಾತಾಡೋದೂ ಇಂಗೇ ಅಲ್ವಾ? ಈಗ ಗೊತ್ತಾಯ್ತು."

"ನಿಮ್ಮ ಮಾತಲ್ಲಿ ತಪ್ಪಿಲ್ಲಮ್ಮ. ಕನ್ನಡ ಪಾಠ ಮಾಡೋಳು ನಾನೇ ಹೇಳ್ತಿದೀನಿ."

"ಯಾರ್ ಮನೆ ಮಕ್ಳು?" ಎಂದರು ತಂದೆ. "ಎಸ್ರು ಏಳಿ, ನಾನೇ ಓಗಿ ಮಾತಾಡ್ತೀನಿ."

"ಹೆಸರು ಹೇಳಲ್ಲ ಸಾರ್. ಅವರೂ ನನ್ನ ಕ್ಲಾಸಿನ ಮಕ್ಕಳೇ. ನೀವು ಹೋಗಿ ಜಗಳವಾದರೆ ಅದರ ಸಿಟ್ಟು ನಿಮ್ಮ ಮಗಳ ಮೇಲೆ ಬರುತ್ತೆ. ಅವರ ಮನೆಯವರಿಗೆ ನಾನು ತಿಳಿಸ್ತೀನಿ."

ಏನು ಮಾಡುತ್ತಿದ್ದೇನೆಂದು ಬಿಡಿಸಿ ಹೇಳಿದೆ. ಗೆಳತಿಯ ಪಕ್ಕದ ಜಾಗದಲ್ಲಿ ಅವಳನ್ನು ಕೂರಿಸಿದ್ದೇನೆ. ಅಣಕಿಸಿದರೆ ಪಿ.ಟಿ. ಟೀಚರ್ ಬಳಿಯೋ ನನ್ನ ಬಳಿಯೋ ನೇರವಾಗಿ ಬರಬಹುದು. ಊರೂರಿನ ಕನ್ನಡ ಎಂದು ಒಂದು ಪಾಠ ಮಾಡುತ್ತೇನೆ, ಅವಳ ಹೆಸರೆತ್ತದೆ. ಪ್ರತಿ ಶುಕ್ರವಾರ ನಿಮಗೆ ಫೋನ್ ಮಾಡುತ್ತೇನೆ. ಮನೆಯಲ್ಲಿ ನೀವು ಅವಳ ಉಚ್ಚಾರ ತಿದ್ದಲು ಹೋಗಬೇಡಿ, ವಾಟ್ಸಾಪ್ ಗುಂಪಿನಲ್ಲಿ ಏನೂ ಬರೆಯಬೇಡಿ. ಕೊನೆಗೆ, "ಅವಳನ್ನ ಅವರ ಎದುರು ನಿಲ್ಲಿಸಿ ಮಾತಾಡಿಸಲ್ಲ. ಅವಳಿಗೂ ಅದೇ ಮಾತು ಕೊಟ್ಟಿದೀನಿ" ಎಂದೆ.

"ನೀವು ಏಳ್ತಿದೀರ ಅಂತ ಸುಮ್ಕಿರ್ತೀನಿ" ಎಂದು ತಂದೆ ಎದ್ದರು.

ಎರಡು ಶುಕ್ರವಾರ ಒಳ್ಳೆಯ ಸುದ್ದಿಯೇ ಇತ್ತು. ಅಣಕಿಸುತ್ತಿದ್ದ ಮೂವರಲ್ಲಿ ಒಬ್ಬಳು ಬಿಕ್ಕಿಬಿಕ್ಕಿ ಅತ್ತು, ತನ್ನ ಹೆಸರನ್ನೂ ಯಾರೋ ಹಿಂದೆ ಹೀಗೇ ತಿರುಚುತ್ತಿದ್ದರೆಂದು ಹೇಳಿದಳು. ಮುಂದಾಳಾಗಿದ್ದವಳ ಮನೆಗೂ ಫೋನ್ ಮಾಡಿದೆ. ಅವಳ ತಂದೆ ಪೋಷಕರ ಸಮಿತಿಯಲ್ಲಿದ್ದವರು. "ಮಕ್ಕಳಾಟಕ್ಕೆಲ್ಲ ಇಷ್ಟು ದೊಡ್ಡದು ಮಾಡ್ತೀರಾ ಮೇಡಂ?" ಎಂದು ಫೋನ್ ಇಟ್ಟರು.

ಅದರ ಮರುವಾರ ಕೋಆರ್ಡಿನೇಟರ್ ನನ್ನನ್ನು ಒಂದು ದಿನದ ತರಬೇತಿಗೆಂದು ವಿಲ್ಸನ್ ಗಾರ್ಡನ್‌ಗೆ ಕಳಿಸಿದಳು. ಮಾರನೆಯ ದಿನ ತರಗತಿಗೆ ಹೋದರೆ ಆ ಹುಡುಗಿ ನನ್ನನ್ನು ನೋಡಿ ಮುಖ ತಿರುಗಿಸಿದಳು. ನಡೆದದ್ದನ್ನು ಪಿ.ಟಿ. ಟೀಚರ್ ಹೇಳಿದರು. ಹಿಂದಿನ ದಿನ ಸಮಿತಿಯ ಆ ತಂದೆ ಬಂದಿದ್ದರು. ಅವರನ್ನು ಕೂರಿಸಿಕೊಂಡೇ ನಾಲ್ವರು ಹುಡುಗಿಯರನ್ನೂ ಕೋಆರ್ಡಿನೇಟರ್ ಕೋಣೆಗೆ ಕರೆಸಲಾಗಿತ್ತು. "ನಿನಗೆ ಏನು ಅಂದ್ರು, ಇವರ ಮುಂದೇನೇ ಹೇಳು" ಎಂದು ಹುಡುಗಿಗೆ ಹೇಳಲಾಗಿತ್ತು. ಅವಳು ಬಾಯಿ ಬಿಡಲಿಲ್ಲ. ಏನೂ ಆಗಿಲ್ಲ ಎಂದಾಯಿತು. ಕೈ ಕುಲುಕಿಸಿ ಕಳಿಸಿದರು. ಹೊರಗೆ ಬರುತ್ತಿದ್ದಂತೆ ಹೊಸ ಹೆಸರು ಬಿದ್ದಿತ್ತು: ಚಾಡಿ ಅಕ್ಕಿ.

ನಾನು ಆ ಕೋಣೆಗೆ ಹೋಗಿ ನಿಂತೆ. "ಯಾಕೆ ಮಾಡಿದೆ?" ಎಂದೆ.

"ಮುಗಿಸಿಬಿಟ್ಟೆ ಅಷ್ಟೆ. ಅವ್ರು ಮ್ಯಾನೇಜ್‌ಮೆಂಟ್‌ವರೆಗೂ ಹೋಗ್ತಿದ್ರು."

"ತರಬೇತಿಗೆ ಕಳಿಸಿದ್ದು?"

ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ನೀನಿದ್ದಿದ್ರೆ ಬಿಡ್ತಿರ್ಲಿಲ್ಲ. ಹುಡುಗಿ ಮನೆಯವ್ರಿಗೆ ಇದೆಲ್ಲ ಹೇಳೋಕೆ ಹೋಗ್ಬೇಡ. ಸರಿಹೋಯ್ತು ಅಂತ ಹೇಳು."

ಇಷ್ಟು ವರ್ಷ ಜೊತೆಗೆ ಊಟ ಮಾಡಿದವಳು ಇವಳೇನಾ ಎನಿಸಿತು. ಸಿಟ್ಟಿಗಿಂತ ಹೆಚ್ಚಾಗಿ, ನಂಬಿ ಹೇಳಿಕೊಂಡಿದ್ದನ್ನೇ ದಾರಿ ಮಾಡಿಕೊಂಡಳಲ್ಲ ಎಂಬುದು ಚುಚ್ಚುತ್ತಿತ್ತು. ಆ ಹುಡುಗಿ ಏನಕ್ಕೆ ಹೆದರುತ್ತಾಳೆಂದು ಶಾಲೆಯಲ್ಲಿ ನಾನು ಹೇಳಿದ್ದು ಇವಳೊಬ್ಬಳಿಗೇ.

ಶುಕ್ರವಾರಕ್ಕೆ ಕಾಯದೆ ಅಂದೇ ತಾಯಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ, ನಾನಿರಲಿಲ್ಲ, ನನಗೆ ಗೊತ್ತಿರಲಿಲ್ಲ ಎಂದೆ.

"ಮಾತು ಕೊಟ್ಟಿದ್ರಲ್ಲ ಮೇಡಂ."

"ಹೌದಮ್ಮ."

"ನಿನ್ನೆಯಿಂದ ಊಟ ಮಾಡಿಲ್ಲ ಮಗು. ಮಿಸ್ಸೇ ಏಳಿ ಇಂಗ್ ಮಾಡ್ಸವ್ರೆ ಅಂತಾಳೆ."

ಮಾರನೆಯ ದಿನ ಅವರಿಬ್ಬರೂ ಪ್ರಿನ್ಸಿಪಾಲರ ಬಳಿ ಬಂದರು, ನಾನೂ ಜೊತೆಗೆ ಹೋದೆ. ಏನು ಮಾಡುತ್ತೇವೆಂದು ಒಪ್ಪಿದ್ದೆವು, ಅದನ್ನು ಯಾರು ಮುರಿದರು ಎಂಬುದನ್ನು ಕೋಆರ್ಡಿನೇಟರ್ ಎದುರಿನಲ್ಲೇ ಹೇಳಿದೆ. ಅವಳು ನನ್ನ ಕಡೆ ನೋಡಲಿಲ್ಲ. ಪ್ರಿನ್ಸಿಪಾಲರು ಹುಡುಗಿಯ ತಂದೆತಾಯಿಯ ಕ್ಷಮೆ ಕೇಳಿದರು, ಇನ್ನು ಮುಂದೆ ಈ ವಿಷಯ ತಮಗೇ ನೇರವಾಗಿ ಬರಬೇಕೆಂದರು. ಚಾಡಿ ಎಂದು ಕರೆದ ಮುಂದಾಳು ಹುಡುಗಿಯ ಮನೆಯವರನ್ನು ಅವರೇ ಕರೆಸಿ ಮಾತನಾಡಿದರು. ಈ ಸಲ ಆ ತಂದೆ ಹೆಚ್ಚು ಮಾತನಾಡಲಿಲ್ಲವಂತೆ.

ಅಣಕಿಸುವುದು ಒಂದೇ ಸಲಕ್ಕೆ ನಿಲ್ಲಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಕಡಿಮೆಯಾಯಿತು, ಪರೀಕ್ಷೆಯ ಹೊತ್ತಿಗೆ ಕೇಳಿಸುತ್ತಿರಲಿಲ್ಲ. ಹುಡುಗಿ ಗೆಳತಿಯ ಜೊತೆ ನಗುವುದನ್ನು ದೂರದಿಂದ ನೋಡುತ್ತಿದ್ದೆ. ಏನಾದರೂ ಹೇಳುವುದಿದ್ದರೆ ಪಿ.ಟಿ. ಟೀಚರ್ ಬಳಿ ಹೇಳುತ್ತಿದ್ದಳು. ನನ್ನ ಬಳಿ ಮತ್ತೆ ಬರಲಿಲ್ಲ. ನಡೆದದ್ದು ನನಗೆ ಗೊತ್ತಿರಲಿಲ್ಲವೆಂದು ತಾಯಿ ಅವಳಿಗೆ ಹೇಳಿದ್ದರಂತೆ. ಕೇಳಿಸಿಕೊಂಡು ಎದ್ದು ಹೋದಳಂತೆ. ಅವಳ ವಯಸ್ಸಿನಲ್ಲಿ ನಾನಾದರೂ ನಂಬುತ್ತಿರಲಿಲ್ಲ.

ಕೋಆರ್ಡಿನೇಟರ್ ಈಗಲೂ ಅದೇ ಕೋಣೆಯಲ್ಲಿ ಇದ್ದಾಳೆ. ಎದುರು ಸಿಕ್ಕರೆ ಟೈಮ್‌ಟೇಬಲ್ ಬಗ್ಗೆ ಮಾತನಾಡುತ್ತೇವೆ. ಮಧ್ಯಾಹ್ನ ನಾನು ತರಗತಿಯಲ್ಲೇ ಮಕ್ಕಳ ಜೊತೆ ಊಟಕ್ಕೆ ಕೂರುತ್ತೇನೆ.