ಬೇಕೋ, ಬ್ಯಾಡೋ

ನಮ್ಮ ಮನೆತನದಲ್ಲಿ ಹುಲಿ ಕೊಂದವನು ನಾನೊಬ್ಬನೇ. ಅದನ್ನು ಕೊಂದದ್ದೂ ಜಮಖಂಡಿಯ ಮನೆಯಲ್ಲಿ, ಕಂಪ್ಯೂಟರಿನ ಮುಂದೆ ಕೂತು, ಚಹಾ ಕುಡಿಯುತ್ತ.

ನನ್ನ ಅಜ್ಜನ ಅಣ್ಣ, ಅಂದರೆ ನಮ್ಮ ದೊಡ್ಡಜ್ಜ, ಮುಂಬಯಿ ರಾಜ್ಯದ ಕಾಲದಲ್ಲಿ ಊರಿನ ದೊಡ್ಡ ಮನುಷ್ಯ. ಅವನ ಮೊಮ್ಮಗನಿಗೆ ಅಜ್ಜನ ಹೆಸರಲ್ಲಿ ಒಂದು ಸ್ಮರಣ ಸಂಚಿಕೆ ತರುವ ಹುಕಿ ಬಂತು. ನನಗೆ ಅವನು ವರಸೆಯಲ್ಲಿ ತಮ್ಮ. ಹಳೆಯ ಟ್ರಂಕಿನಲ್ಲಿ ಸಿಕ್ಕ ಪತ್ರಗಳನ್ನು ಸ್ಕ್ಯಾನ್ ಮಾಡಿ ಕಳಿಸಿ, ಓದಿ ಟೈಪ್ ಮಾಡಿಕೊಡು ಅಣ್ಣಾ ಎಂದ. ನಾನು ಮೂವತ್ತು ವರ್ಷ ಕನ್ನಡ ಕಲಿಸಿದ ಮಾಸ್ತರ. ಹುಡುಗರ ಉತ್ತರಪತ್ರಿಕೆ ಓದಿದವನಿಗೆ ಇದೇನು ಮಹಾ ಎಂಬ ಸೊಕ್ಕು ಇತ್ತು.

ಮೊದಲ ಪತ್ರದಲ್ಲೇ ‘ಮುಧೋಳ ಸಂತ್ಯಾಗ ಹುಲಿ ಕೊಂದಿವಿ’ ಎಂದು ಓದಿ ಟೈಪ್ ಮಾಡಿ ಕಳಿಸಿಬಿಟ್ಟೆ. ಸಂತೆಯಲ್ಲಿ ಹುಲಿಗೆ ಏನು ಕೆಲಸ ಎಂದು ನಾನೂ ಕೇಳಲಿಲ್ಲ, ಅವನೂ ಕೇಳಲಿಲ್ಲ. ಎರಡು ದಿನದಲ್ಲಿ ಅವನ ಅಂಗಡಿಯ ಮುಂದೆ ಫ್ಲೆಕ್ಸ್ ಬಿತ್ತು. ಪೇಟ ಸುತ್ತಿದ ದೊಡ್ಡಜ್ಜ, ಅವನ ಕಾಲ ಬುಡದಲ್ಲಿ ಬಾಯಿ ತೆರೆದ ಹುಲಿ. ಆಮೇಲೆ ಪತ್ರದ ಎರಡನೇ ಹಾಳೆ ಬಂತು. ಅದರಲ್ಲಿ, ಹಲ್ಲು ನೋಡಿದಿವಿ, ಛಲೋ ಅದಾವು, ಬರೂ ವಾರ ನೊಗಕ್ಕ ಹೂಡತೀವಿ ಎಂದಿತ್ತು. ನೊಗಕ್ಕೆ ಹುಲಿ ಹೂಡುವವರು ನಮ್ಮ ಕಡೆ ಯಾರೂ ಇಲ್ಲ. ಮತ್ತೆ ದೊಡ್ಡದು ಮಾಡಿ ನೋಡಿದೆ. ‘ಹೋರಿ ಕೊಂಡಿವಿ.’ ಡಕಾರದ ಕೊಂಡಿ ಮಸುಕಾಗಿತ್ತು, ನನ್ನ ತಲೆ ಅದಕ್ಕಿಂತ ಮಸುಕಾಗಿತ್ತು. ಫ್ಲೆಕ್ಸ್ ಮಾತ್ರ ತಿಂಗಳಾದರೂ ಇಳಿಯಲಿಲ್ಲ, ಏಕೆಂದರೆ ಹುಲಿ ಜನಕ್ಕೆ ಹಿಡಿಸಿತ್ತು.

ಅವತ್ತಿನಿಂದ ನಾನು ಕಂಡದ್ದನ್ನಷ್ಟೇ ಬರೆಯತೊಡಗಿದೆ. ಬರೆದವನ ಕಾಗುಣಿತ ತಪ್ಪಿದ್ದರೆ ತಪ್ಪಾಗಿಯೇ ಉಳಿಸಿದೆ. ಓದಿದ ಪದ ಅನುಮಾನವಾದರೆ ಚೌಕ ಕಂಸದೊಳಗೆ ಹಾಕಿ ಮುಂದೆ ಪ್ರಶ್ನಾರ್ಥಕ ಇಟ್ಟೆ. ಓದಲಿಕ್ಕೇ ಬಾರದಿದ್ದರೆ ಎಷ್ಟು ಅಕ್ಷರದ ಜಾಗವೆಂದು ಅಂದಾಜಿಸಿ, ‘ಎರಡಕ್ಷರ ಓದಲಾಗದು’ ಎಂದು ನಮೂದಿಸಿದೆ. ತಮ್ಮನಿಗೆ ಇದು ಸೇರಲಿಲ್ಲ. ಪುಟದ ತುಂಬ ಮುಳ್ಳುಬೇಲಿ ಹಾಕಿದಂತೆ ಕಾಣುತ್ತದೆ, ಮಾಸ್ತರಾಗಿ ಒಂದು ಶಬ್ದ ಊಹಿಸಲಾರೆಯಾ ಎಂದು ಹಂಗಿಸಿದ. ಊಹಿಸಿದ್ದಕ್ಕೆ ಏನಾಯಿತೆಂದು ನಿನ್ನ ಅಂಗಡಿಯ ಮುಂದೆಯೇ ನೋಡು ಎಂದೆ.

ಹೀಗಿರುವಾಗ ನನ್ನ ಅಜ್ಜನ ಪತ್ರ ಬಂತು. ಅಜ್ಜ ಬೀಳಗಿಯ ಕಡೆ ತಲಾಟಿ, ಅಂದರೆ ಊರ ಲೆಕ್ಕ ಬರೆಯುವವನಾಗಿದ್ದ. ಅವನ ಮಗಳು, ಅಂದರೆ ನನ್ನ ಸೋದರತ್ತೆ, ಜಮಖಂಡಿಯಲ್ಲಿ ದೊಡ್ಡಜ್ಜನ ಮನೆಯಲ್ಲಿದ್ದು ಸಾಲಿಗೆ ಹೋಗುತ್ತಿದ್ದಳು. ಹನ್ನೆರಡನೆಯ ವಯಸ್ಸಿಗೆ ಒಂದು ದಿನ ದೊಡ್ಡಜ್ಜ, ನಿಮ್ಮಪ್ಪನೇ ಬರೆದಿದ್ದಾನೆ ಎಂದು ಪತ್ರ ತೋರಿಸಿ ಸಾಲಿ ಬಿಡಿಸಿದ. ಪತ್ರ ತೋರಿಸಿದನೇ ಹೊರತು ಕೈಗೆ ಕೊಡಲಿಲ್ಲ. ಅತ್ತೆ ಆಮೇಲೆ ಅಪ್ಪನೊಡನೆ ಮನಸ್ಸು ಬಿಚ್ಚಿ ಮಾತಾಡಲಿಲ್ಲ. ಅಜ್ಜ ಸತ್ತಾಗ ಅವಳ ಕಣ್ಣಲ್ಲಿ ಹನಿ ನೀರು ಬರಲಿಲ್ಲವೆಂದು ನಮ್ಮವರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಆ ಪತ್ರವೇ ಇದು. ಕ್ಷೇಮ ಸಮಾಚಾರ ಮುಗಿದ ಮೇಲೆ ಎರಡು ಸಾಲು: ‘ಇಕಿ ಅವ್ವಗ ಮೈಯಾಗ ಛಲೋ ಇಲ್ಲ. ಹುಡಗಿ ಸಾಲಿ ಬಿಡಸ…’ ಮುಂದೆ ತಲೆಕಟ್ಟು ಅಳಿಸಿಹೋದ ಒಂದು ಬಕಾರ, ಆಮೇಲೆ ಕಾಗದದ ಮಡಿಕೆ, ಮಡಿಕೆಯಲ್ಲಿ ತೂತು, ಕೊನೆಗೆ ಒಂದು ರ-ಒತ್ತು. ಬಿಡಸಬೇಕ್ರಿ ಎಂದರೂ ಕೂಡುತ್ತದೆ, ಬಿಡಸಬ್ಯಾಡ್ರಿ ಎಂದರೂ ಕೂಡುತ್ತದೆ. ತಾಯಿಗೆ ಹುಷಾರಿಲ್ಲ, ಮಗಳನ್ನು ಕಳಿಸು ಎನ್ನಬಹುದು. ತಾಯಿಗೆ ಹುಷಾರಿಲ್ಲದಿದ್ದರೂ ಸಾಲಿ ತಪ್ಪಿಸಬೇಡ ಎಂದೂ ಅನ್ನಬಹುದು.

ತಮ್ಮ ಒಂದೇ ನೋಟದಲ್ಲಿ ‘ಬೇಕ್ರಿ’ ಎಂದ. ಅವನಿಗೆ ಬೇಕಾದದ್ದೇ ಅದು. ಸಂಚಿಕೆಯ ಮುಖಪುಟದಲ್ಲಿ ದೊಡ್ಡಜ್ಜ ‘ಸ್ತ್ರೀಶಿಕ್ಷಣದ ಹರಿಕಾರ’. ಅವನು ಮಾಡಿದ ಸ್ತ್ರೀಶಿಕ್ಷಣವೆಂದರೆ ಹೆಣ್ಣುಮಕ್ಕಳ ಸಾಲಿಗೆ ಒಂದು ಗೋಡೆ ಗಡಿಯಾರ ಕೊಟ್ಟದ್ದು. ‘ಬ್ಯಾಡ್ರಿ’ ಎಂದಾದರೆ ಹರಿಕಾರ ಮಗುವಿಗೆ ಸುಳ್ಳು ಹೇಳಿ ಸಾಲಿ ಬಿಡಿಸಿದಂತೆ ಆಗುತ್ತಿತ್ತು.

ಅವನು ಕಳಿಸಿದ ಚಿತ್ರ ಮೊಬೈಲಿನದು. ಅದರೊಳಗಿನ ಆ್ಯಪ್ ಕಾಗದವನ್ನು ಬೆಳ್ಳಗೆ ಮಾಡುವ ಭರದಲ್ಲಿ ತೆಳು ಮಸಿಯನ್ನೂ ಕೊಳೆಯೆಂದು ಒರೆಸಿಹಾಕಿತ್ತು. ಬಣ್ಣದಲ್ಲಿ, ಫಿಲ್ಟರ್ ಇಲ್ಲದೆ, ಹಾಳೆಯ ಹಿಂಬದಿಯನ್ನೂ ಸೇರಿಸಿ ಸ್ಕ್ಯಾನರಿನಲ್ಲಿ ಮತ್ತೆ ತೆಗೆಸಿದೆ. ಈಗ ಬಕಾರದ ಕೆಳಗೆ ಒಂದು ಗೀರು ಕಂಡಿತು. ಬ್ಯಾ ಅಕ್ಷರದ ಯ-ಒತ್ತು ಸಿಕ್ಕಿತೆಂದು ಹಿಗ್ಗಿದೆ. ಹಿಂಬದಿಯ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಇದರ ಮೇಲಿಟ್ಟು ನೋಡಿದರೆ, ಹಿಂಬದಿಯ ಸಾಲಿನ ಮಸಿ ಸರಿಯಾಗಿ ಅಲ್ಲೇ ಇಂಗಿತ್ತು. ಗೀರು ಮುಂದಿನದೋ ಹಿಂದಿನದೋ ಹೇಳಲಾಗದು. ಅದೇ ಪತ್ರದಲ್ಲಿ ‘ಕಾಳಜಿ ಮಾಡಬ್ಯಾಡ್ರಿ’ ಎಂದಿತ್ತು. ಅಲ್ಲಿ ಅಜ್ಜ ಯ-ಒತ್ತಿಗೆ ಉದ್ದ ಬಾಲ ಎಳೆದಿದ್ದ. ಇಲ್ಲಿ ಬಾಲ ಹೋಗಬೇಕಾದ ಜಾಗದಲ್ಲಿ ತೂತು. ನನ್ನ ಮನಸ್ಸು ಬ್ಯಾಡದ ಕಡೆಗೇ ವಾಲುತ್ತಿತ್ತು. ನನ್ನ ಅಜ್ಜನಲ್ಲವೇ. ಅದಕ್ಕೇ ಆ ಮನಸ್ಸನ್ನು ನಾನು ನಂಬಲಿಲ್ಲ.

‘ಬಿಡಸ[ಬ್ಯಾಡ್ರಿ? ಬೇಕ್ರಿ?]’ ಎಂದು ಬರೆದು, ಕೆಳಗೆ ಮಡಿಕೆ, ತೂತು, ಇಂಗಿದ ಮಸಿ ಎಲ್ಲವನ್ನೂ ನಮೂದಿಸಿ ತಮ್ಮನಿಗೆ ಕಳಿಸಿದೆ. ಒಂದು ಪ್ರತಿಯನ್ನೂ ದೊಡ್ಡದು ಮಾಡಿದ ಚಿತ್ರವನ್ನೂ ಹಿಡಿದು ರಬಕವಿಗೆ, ಅತ್ತೆಯ ಮಗನ ಮನೆಗೆ ಹೋದೆ. ಪಕ್ಕದಲ್ಲಿ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಅತ್ತೆ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದಳು. ಆ ಪದಕ್ಕೆ ಬಂದು ಬೆರಳು ನಿಂತಿತು. ಇದೇನು ಬೇಲಿ ಎಂದು ಕೇಳಿದಳು, ಹೇಳಿದೆ.

“ನಿನಗೇನ ಅನಸ್ತದ?”

“ಬ್ಯಾಡ ಅಂತ ಇರಲಿ ಅನಸ್ತದ್ರಿ ಅತ್ತಿ. ಆದ್ರ ಅನಸಿದ್ದನ್ನ ಬರಿಯಾಕ ಬರೂದಿಲ್ಲ.”

ಬೈಯುತ್ತಾಳೆಂದುಕೊಂಡೆ. ಅವಳು ಚಿತ್ರದಲ್ಲಿ ಆ ತೂತಿನ ಮೇಲೆ ಬೆರಳಾಡಿಸಿದಳು.

“ಎಲ್ಲಾರೂ ಖಾತ್ರಿಲೆ ಹೇಳಿದ್ರು,” ಎಂದಳು. “ಗೊತ್ತಾಗವಲ್ದು ಅಂತ ಯಾವನರೇ ಒಬ್ಬಾವ ಆಗ ಅಂದಿದ್ರ, ಒಂದ ಸಲ ಅಪ್ಪನ್ನ ಕೇಳತಿದ್ದೆ.”

ಚಹಾ ಬಂತು, ಇಬ್ಬರೂ ಕುಡಿದೆವು.

ಸಂಚಿಕೆ ಬಿಡುಗಡೆಯಾಯಿತು. ಜಮಖಂಡಿಯ ಸಭಾಭವನದಲ್ಲಿ ಪ್ರತಿ ಕುರ್ಚಿಯ ಮೇಲೂ ಒಂದೊಂದು ಪ್ರತಿ ಇಟ್ಟಿದ್ದರು. ತೆರೆದು ನೋಡಿದರೆ ನನ್ನ ಟಿಪ್ಪಣಿ ಇಲ್ಲ, ಕಂಸಗಳೂ ಇಲ್ಲ. ‘ಹುಡುಗಿಯ ಶಾಲೆ ಬಿಡಿಸಬೇಕು’ ಎಂದು ಕಾಗುಣಿತ ಸಮೇತ ತಿದ್ದಿ ಅಚ್ಚು ಹಾಕಿಸಿದ್ದ. ಕೊನೆಯ ಪುಟದಲ್ಲಿ ಪತ್ರಗಳನ್ನು ಓದಿಕೊಟ್ಟವನೆಂದು ನನಗೆ ಕೃತಜ್ಞತೆ ಬೇರೆ. ವೇದಿಕೆಯ ಮೇಲೆ ಹರಿಕಾರರ ಗುಣಗಾನ ನಡೆದಿತ್ತು. ಮೊದಲ ಸಾಲಿನಲ್ಲಿ ಕೂತ ಅತ್ತೆಗೆ ಶಾಲು ಹೊದಿಸಿದ್ದರು. ನಾನು ಸಿಟ್ಟಿನಿಂದ ಪುಟ ತೋರಿಸಿದೆ. ಅವಳು ಓದಿ, ನನ್ನ ಜೇಬಿನ ಪೆನ್ನು ಕೇಳಿ ಇಸಿದುಕೊಂಡಳು.

ಅಚ್ಚಾದ ‘ಬೇಕು’ವಿನ ಆಚೀಚೆ ಎರಡು ಕಂಸ ಎಳೆದಳು. ಒಳಗೆ ಪ್ರಶ್ನಾರ್ಥಕ ಹಾಕಿ, ಪಕ್ಕದಲ್ಲಿ ದುಂಡಗೆ ‘ಬ್ಯಾಡ?’ ಎಂದು ಬರೆದಳು. ಆಮೇಲೆ ಬಲಗಡೆಯ ಖಾಲಿ ಕುರ್ಚಿಯ ಪ್ರತಿ ತೆಗೆದುಕೊಂಡಳು. ಅದು ಮುಗಿದ ಮೇಲೆ ಎಡಗಡೆಯವರ ಕೈಯಿಂದ ಅವರ ಪ್ರತಿ ಇಸಿದುಕೊಂಡಳು. ವೇದಿಕೆಯಿಂದ ತಮ್ಮ ಇಳಿದು ಬಂದು, ಅತ್ತಿ, ಏನ್ ಮಾಡಾಕತ್ತೀರಿ ಎಂದು ಮೆಲ್ಲಗೆ ಕೇಳಿದ.

ಅತ್ತೆ ತಲೆ ಎತ್ತಲಿಲ್ಲ. “ಸಾಲಿ ಬಿಡಸಿದಾಗ ಮನಿ ಅಭ್ಯಾಸ ಬಾಕಿ ಉಳದಿತ್ತು,” ಎಂದಳು. “ಅದನ್ನ ಮಾಡಾಕತ್ತೇನಿ.”

ನಾನು ಹಿಂದಿನವರೊಬ್ಬರ ಹತ್ತಿರ ಇನ್ನೊಂದು ಪೆನ್ನು ಕೇಳಿ ತಂದು, ಎರಡನೇ ಸಾಲಿನಿಂದ ಶುರುಮಾಡಿದೆ.