ವೈಫೈಗೆ ಇಟ್ಟ ಮನೆತನದ ಹೆಸರು

ಗುಂಡ್ಲುಪೇಟೆಯಿಂದ ಬೈಕಿನಲ್ಲಿ ಹೊರಟು ತೆರಕಣಾಂಬಿ ದಾಟಿ ಚಾಮರಾಜನಗರಕ್ಕೆ ಬಂದು, ಮನೆಮನೆಗೆ ಇಂಟರ್ನೆಟ್ ವೈರ್ ಎಳೆದು ಬಾಕ್ಸ್ ಕೂರಿಸುವುದು ನನ್ನ ಕೆಲಸ. ಈ ಕೆಲಸದಲ್ಲಿ ನಾನು ಕಂಡಷ್ಟು ಜಂಬ ಮದುವೆ ಮನೆಗಳಲ್ಲೂ ಕಂಡಿಲ್ಲ. ಬಾಕ್ಸ್ ಹಚ್ಚಿ, ಹಸಿರು ದೀಪ ಬಂದ ಮೇಲೆ, “ವೈಫೈಗೆ ಏನು ಹೆಸರು ಇಡಲಿ?” ಅಂತ ಕೇಳಬೇಕು. ಆಗ ಮನೆಯ ಯಜಮಾನ ನೆಟ್ಟಗೆ ಕೂರುತ್ತಾನೆ. ಬಾಗಿಲ ಮೇಲೆ ಕಲ್ಲಿನಲ್ಲಿ ಕೆತ್ತಿಸಿದ್ದು ಸಾಲದು, ಕಾರಿನ ಹಿಂದಿನ ಗಾಜಿಗೆ ಅಂಟಿಸಿದ್ದು ಸಾಲದು, ಮನೆತನದ ಹೆಸರು ಗಾಳಿಯಲ್ಲೂ ಓಡಾಡಬೇಕು.

ಚಾಮರಾಜನಗರದಲ್ಲಿ ಮೂರು ಮಹಡಿಯ ಒಂದು ಅಪಾರ್ಟ್‌ಮೆಂಟಿದೆ, ಹನ್ನೆರಡು ಮನೆ. ಅದರ ಸಂಘದ ಅಧ್ಯಕ್ಷರು ಸರ್ಕಾರಿ ಕಚೇರಿಯೊಂದರಿಂದ ನಿವೃತ್ತರಾದವರು. ಕಚೇರಿ ಬಿಟ್ಟರೂ ಕಚೇರಿಯ ಗತ್ತು ಅವರನ್ನು ಬಿಟ್ಟಿರಲಿಲ್ಲ. ಹನ್ನೆರಡು ಮನೆಗೂ ನಮ್ಮಿಂದಲೇ ಸಂಪರ್ಕ ಕೊಡಿಸಿ, ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ ಅಪ್ಪಣೆ ಮಾಡಿದರು: “ನೋಡ್ಲಾ, ಎಲ್ಲಾ ಒಂದೇ ತರ ಇರ್ಬೇಕು. ಮೊದ್ಲು ಮನೆತನದ ಹೆಸ್ರು, ಆಮೇಲೆ ಮನೆ ನಂಬ್ರು. ಅಚ್ಚುಕಟ್ಟಾಗಿರ್ಬೇಕು.”

ನಾನು ಬೇಡವೆನ್ನಲಿಲ್ಲ. ತಪ್ಪು ಅಂತ ಗೊತ್ತಿರಲಿಲ್ಲವೇ ಅಂದರೆ, ಗೊತ್ತಿತ್ತು. ಆದರೂ ವಾದ ಮಾಡಿದರೆ ಊಟದ ಹೊತ್ತು ಮೀರುತ್ತದೆ ಅಂತ ಹನ್ನೆರಡನ್ನೂ ಟೈಪ್ ಮಾಡಿದೆ. ಅವಸರದಲ್ಲಿ ಎರಡನೇ ಮಹಡಿಯ ಒಂದು ಮನೆಯ ಹೆಸರಿನ ನಡುವೆ ಒಂದು ಅಕ್ಷರ ಬಿಟ್ಟುಹೋಯಿತು. ಆ ಮನೆಯಲ್ಲಿದ್ದವರು ಆಸ್ಪತ್ರೆಯ ನರ್ಸ್, ಹರವೆ ಕಡೆಯವರು, ಐವತ್ತರ ಆಸುಪಾಸು, ಒಬ್ಬರೇ ಇರುವವರು. ತಮ್ಮ ಫೋನಿನಲ್ಲಿ ಅದನ್ನು ಓದಿ ನಕ್ಕರು.

“ಏನಪ್ಪಾ, ನಮ್ಮಪ್ಪನ ಮನೆ ಹೆಸ್ರನ್ನೇ ಕೆಡಿಸ್ಬುಟ್ಟಲ್ಲ! ಇದ್ನ ಓದುದ್ರೆ ಬ್ಯಾರೆ ಯಾರೋ ಆಯ್ತಾರೆ.”

“ಬುಡಕ್ಕ, ಬರೀ ಹೆಸ್ರು ತಾನೆ. ನೆಟ್ಟೇನು ನಿಲ್ಲಕಿಲ್ಲ,” ಅಂದೆ. ಮತ್ತೆ ಮೇಲೆ ಹತ್ತುವ ಸೋಮಾರಿತನ, ಅಷ್ಟೇ.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಆ ಅಕ್ಕನ ಫೋನ್ ಬಂತು. ದನಿ ಗಟ್ಟಿಯಾಗಿತ್ತು. “ನಿಮ್ಮ ಆಪೀಸಿಂದ ಯಾರ್ನಾದ್ರೂ ಕಳ್ಸಿದ್ದೀರಾ?” ಯಾರನ್ನೂ ಕಳಿಸಿರಲಿಲ್ಲ. ಬೈಕ್ ತಿರುಗಿಸಿದೆ.

ನಡೆದದ್ದು ಇಷ್ಟು. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬ ಬಂದು ಬೆಲ್ ಒತ್ತಿ, ಮನೆ ನಂಬರನ್ನೂ ಮನೆತನದ ಹೆಸರನ್ನೂ ಸಲೀಸಾಗಿ ಹೇಳಿ, ತಾನು ಇಂಟರ್ನೆಟ್ ಆಫೀಸಿನವನು ಅಂದಿದ್ದಾನೆ. ಬಾಕ್ಸನ್ನು ಅಪ್‌ಡೇಟ್ ಮಾಡಬೇಕು, ಮೊಬೈಲ್ ಕೊಡಿ, ಒಂದು ಓಟಿಪಿ ಬರುತ್ತದೆ ಅಂತ ಕೈ ಚಾಚಿದ್ದಾನೆ. ಹೆಸರು, ನಂಬರು ಎರಡೂ ಹೇಳಿದವನನ್ನು ನಂಬದವರು ಯಾರು? ಅಕ್ಕನೂ ಬಾಗಿಲ ಚಿಲಕ ತೆಗೆದಿದ್ದರಂತೆ.

“ಆದ್ರೆ ನೀನು ಕೆಡಿಸಿದ್ಯಲ್ಲಪ್ಪಾ ಹೆಸ್ರು, ಅವ್ನು ಅಂಗೇ ಕೂಗ್ದ. ಒಂದಕ್ಷರ ಬುಟ್ಟು. ಆಪೀಸ್ ಬಿಲ್ನಲ್ಲಿ ಸರಿಯಾಗೇ ಅದೆ. ಈ ಪ್ರಪಂಚದಲ್ಲಿ ನನ್ನ ಅಂಗೆ ಕರೆಯೋದು ಆ ಡಬ್ಬ ಒಂದೇ. ಇವ್ನು ಆಪೀಸ್ನವ್ನಲ್ಲ, ಫೋನಲ್ಲಿ ಓದ್ಕೊಂಡು ಬಂದವ್ನೆ ಅಂತ ತಿಳೀತು. ನೆಟ್ ಹಾಕ್ದವ್ನಿಗೆ ಫೋನ್ ಮಾಡ್ತೀನಿ ಇರು ಅಂದೆ. ಮೆಟ್ಲು ಇಳ್ದು ಓಡ್ದ.”

ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟರು. ಅವನು ಸಿಗಲಿಲ್ಲ. ನನಗೆ ಮಾತ್ರ ಆ ಅಕ್ಕನ ಮುಖ ನೋಡಲಾಗಲಿಲ್ಲ. ಕಳ್ಳನಿಗೆ ವಿಳಾಸ ಬರೆದುಕೊಟ್ಟವನು ನಾನೇ. ಅವರು ಉಳಿದದ್ದು ನನ್ನ ಜಾಣತನದಿಂದಲ್ಲ, ನನ್ನ ತಪ್ಪಿನಿಂದ.

ಅವತ್ತೇ ಹೆಸರು ಬದಲಿಸಿದೆವು. “ನೀನು ಮಾಡ್ಬೇಡ, ತೋರ್ಸು, ನಾನು ಮಾಡ್ತೀನಿ,” ಅಂದರು. ಬಾಕ್ಸಿನ ಅಡಿಯ ಚೀಟಿಯಲ್ಲಿದ್ದ ವಿಳಾಸವನ್ನು ಫೋನಿನ ಬ್ರೌಸರಿನಲ್ಲಿ ಹೊಡೆದು, ಅಡ್ಮಿನ್ ಪಾಸ್‌ವರ್ಡ್ ಹಾಕಿ, ವೈಫೈ ಪುಟ ತೆರೆದರು. ಹಳೆಯ ಹೆಸರು ಅಳಿಸಿ ‘ಅರಿಸಿನ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದರು. ಬಾಕ್ಸು ಎರಡು ಬಗೆಯ ಸಿಗ್ನಲ್ ಬಿಡುತ್ತದೆ, ಎರಡರ ಹೆಸರನ್ನೂ ಬದಲಿಸಬೇಕು. ಸೇವ್ ಒತ್ತಿದೊಡನೆ ಫೋನು ಟೀವಿ ಎಲ್ಲದರ ಸಂಪರ್ಕ ಕಡಿದುಹೋಯಿತು. ಹೊಸ ಹೆಸರು ಹುಡುಕಿ ಒಂದೊಂದನ್ನೂ ಮತ್ತೆ ಜೋಡಿಸಿಕೊಂಡರು.

“ಹೆಸ್ರೇ ಕಾಣ್ದಂಗೆ ಬಚ್ಚಿಡಕ್ಕಾಗಕಿಲ್ವಾ?” ಅಂತ ಕೇಳಿದರು.

“ಆಯ್ತದೆ ಅಕ್ಕ, ಆದ್ರೆ ಹುಡುಕೋರಿಗೆ ಅದೂ ಸಿಗ್ತದೆ. ಹೆಸ್ರು ಕಾಣ್ಲಿ, ನಿಮ್ಮ ಗುರುತು ಕಾಣೋದು ಬ್ಯಾಡ. ಬೀಗ ಅಂದ್ರೆ ಪಾಸ್‌ವರ್ಡು. ಅದ್ನೂ ಈಗ್ಲೇ ಬದ್ಲಾಯ್ಸಿ,” ಅಂದೆ. ಹನ್ನೆರಡು ಮನೆಗೂ ಅವರವರ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿದ್ದ ಮಹಾನುಭಾವ ಕೂಡ ನಾನೇ. ಆ ಅಕ್ಕ ಉದ್ದನೆಯ ಪಾಸ್‌ವರ್ಡೊಂದನ್ನು ಹಾಕಿಕೊಂಡರು. ನನಗೆ ಆಚೆ ತಿರುಗಿ ನಿಲ್ಲು ಅಂದರು. ನಿಂತೆ.

ಆಮೇಲೆ ಅಧ್ಯಕ್ಷರ ಬಾಗಿಲು ತಟ್ಟಿದೆ. ಎಲ್ಲ ಕೇಳಿ ಅವರು ಹುಬ್ಬು ಗಂಟಿಕ್ಕಿದರು. “ನಮ್ಮ ಮನೆತನದ ಹೆಸ್ರು ತಗ್ದು ಎಂತದೋ ಸಾಂಬಾರ್ ಸಾಮಾನಿನ ಹೆಸ್ರು ಆಕೋಬೇಕಾ? ನಾವೇನು ಕಳ್ರೇನ್ಲಾ, ಬಚ್ಚಿಟ್ಕೊಳಕ್ಕೆ?”

ಬಲವಂತದಿಂದ ಅವರನ್ನು ರಸ್ತೆಯ ಆಚೆ ಬೇಕರಿ ಮುಂದಕ್ಕೆ ಕರೆದುಕೊಂಡು ಹೋದೆ. ಅವರದೇ ಫೋನಿನಲ್ಲಿ ವೈಫೈ ಪಟ್ಟಿ ತೆರೆಸಿದೆ. ಪಾಸ್‌ವರ್ಡ್ ಗೊತ್ತಿಲ್ಲದೆಯೂ ಪಟ್ಟಿ ಕಾಣುತ್ತದೆ. ರಸ್ತೆಗೆ ಮುಖ ಮಾಡಿದ ಐದಾರು ಮನೆಗಳ ಹೆಸರು, ನಂಬರು ಸಾಲಾಗಿ ಬಂದವು. ಮೊದಲನೆಯದು ಅವರದೇ. ಓದುತ್ತಾ ಅವರ ಮುಖ ಅರಳಿತು!

“ಸಾರ್, ಹೋದ ವಾರ ನೀವು ಗುಂಡ್ಲುಪೇಟೆಗೆ ಹೋಗಿ ಎರಡು ದಿನ ಇದ್ರಿ. ಬಾಕ್ಸ್ ಆಫ್ ಮಾಡಿ ಹೋಗಿದ್ರಿ ಅಲ್ವಾ?”

“ಕರೆಂಟ್ ಯಾಕ್ಲಾ ದಂಡ ಮಾಡ್ಬೇಕು?”

“ಆಫ್ ಆದ್ರೆ ಈ ಪಟ್ಟೀಲಿ ನಿಮ್ಮ ಹೆಸ್ರು ಇರಕಿಲ್ಲ. ಇಲ್ಲಿ ಬನ್ನು ತಿಂತಾ ಕೂತವ್ನಿಗೆ ಯಾವ ಮನೇಲಿ ಯಾರಿಲ್ಲ ಅಂತ ನಂಬರ್ ಸಮೇತ ಗೊತ್ತಾಯ್ತದೆ.”

ಪಟ್ಟಿಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ಓದಿದರು. ಬುದ್ಧಿ ಬಂತು ಅಂದುಕೊಂಡೆ. ಅವರು ಫೋನನ್ನು ಜೇಬಿಗೆ ಹಾಕಿಕೊಂಡು, “ನಮ್ಮ ಮನೆಗೆ ನುಗ್ಗೋ ಗಂಡ್ಸು ಈ ಜಿಲ್ಲೇಲಿ ಉಟ್ಟಿಲ್ಲ ಕಣ್ಲಾ,” ಅಂದು ಎದೆ ಸೆಟೆಸಿಕೊಂಡು ವಾಪಸು ಹೋದರು. ಮನೆತನದ ಹೆಸರನ್ನು ಇಷ್ಟು ಎತ್ತಿ ಹಿಡಿಯುವವರಿಗೆ ಪಕ್ಕದ ಮನೆಯಲ್ಲಿ ಒಂಟಿ ಹೆಂಗಸೊಬ್ಬರು ಮೋಸಕ್ಕೆ ಸಿಕ್ಕಿಬೀಳುವುದರಲ್ಲಿದ್ದದ್ದು ಒಂದು ಸುದ್ದಿಯೇ ಆಗಿರಲಿಲ್ಲ.

ಆ ವಾರದಲ್ಲಿ ಒಂಬತ್ತು ಮನೆಯವರು ಹೆಸರು ಬದಲಿಸಿದರು. ಅವರಲ್ಲೂ ಒಬ್ಬರು ‘ನೀಲಿ ಗೇಟ್ ಪಕ್ಕ’ ಅಂತ ಇಡಲು ಹೊರಟಿದ್ದರು. ತಡೆಯಲು ಅರ್ಧ ಗಂಟೆ ಬೇಕಾಯಿತು.

ಹದಿನೈದು ದಿನವಾದ ಮೇಲೆ ಅಧ್ಯಕ್ಷರ ಫೋನ್ ಬಂತು, ಪಿಸುದನಿಯಲ್ಲಿ. “ಯಾರ್ಗೂ ಯೇಳ್ಬ್ಯಾಡ. ಬಂದು ಆ ಹೆಸ್ರು ತಗ್ದ್ಬುಡು.” ಹೆಂಡತಿ ಒಬ್ಬರೇ ಇದ್ದಾಗ ಯಾರೋ ಒಬ್ಬ ಬಂದು ಮನೆತನದ ಹೆಸರು ಹಿಡಿದು ಕೇಳಿ ಹೋಗಿದ್ದನಂತೆ. ಆಕೆ ಬಾಗಿಲು ತೆರೆದಿರಲಿಲ್ಲ.

ಹೋದೆ. ಪುಟ ತೆರೆದು ಹೊಸ ಹೆಸರು ಕೇಳಿದೆ. ಊರಿನ ಹೆಸರು ಅಂದರು, ತಮ್ಮ ಹಳೆಯ ಹುದ್ದೆಯ ಹೆಸರು ಅಂದರು, ‘ಅಧ್ಯಕ್ಷರು’ ಅಂತಲೂ ಅಂದರು. ಒಂದೊಂದಕ್ಕೂ ಬೇಡ ಅಂದೆ. ಕಾಫಿ ಬಂತು, ಆರಿತು. ತನ್ನ ಬಗ್ಗೆ ಅಲ್ಲದ ಒಂದು ಪದ ಆ ಮನುಷ್ಯನಿಗೆ ಹೊಳೆಯಲೇ ಇಲ್ಲ. ಕೊನೆಗೆ ಅಡುಗೆಮನೆಯಲ್ಲಿ ಹುರುಳಿಕಾಳು ಆರಿಸುತ್ತಿದ್ದ ಅವರ ಹೆಂಡತಿ, “ಉಳ್ಳಿಕಾಳು ಅಂತ ಆಕಪ್ಪ, ಸಾಕು,” ಅಂದರು. ಹಾಕಿದೆ.