ತಗೊಳ್ಳೂಣು ಅಂದದ್ದು, ತಗೋಬೇಕು ಅಂತ ಬರೆದದ್ದು

ಹೆಸರುಕಾಳಿನ ಲಾರಿ ಹುಬ್ಬಳ್ಳಿಯ ಮಿಲ್ಲಿನಿಂದ ಎರಡನೆಯ ಸಲ ವಾಪಸ್ಸು ಬಂದ ದಿನ ನಾನು ಬುತ್ತಿ ಬಿಚ್ಚಿ ಕೂತಿದ್ದೆ. ರೊಟ್ಟಿ ಮುರಿದ ಕೈ ಹಾಗೇ ಇತ್ತು. ಡ್ರೈವರ್ ಬಂದು, “ಕೆಳಗಿನ ಕಾಳು ಹಸಿ ಐತಂತ್ರಿ. ತಗೊಳ್ಳಾಂಗಿಲ್ಲ ಅಂದ್ರು” ಎಂದ. ಬುತ್ತಿ ಕಟ್ಟಿಟ್ಟೆ. ಸಿಟ್ಟು ಬಂದಾಗ ನನಗೆ ಊಟ ಇಳಿಯುವುದಿಲ್ಲ.

ನವಲಗುಂದ ತಾಲ್ಲೂಕಿನ ನಮ್ಮ ಕಡೆಯ ಕೆಲವು ಹಳ್ಳಿಗಳ ರೈತರು ಸೇರಿ ಕಟ್ಟಿಕೊಂಡ ಸಣ್ಣ ಕಂಪನಿಯೊಂದರಲ್ಲಿ ನಾನು ವ್ಯವಸ್ಥಾಪಕಿ. ಹೆಸರು, ಕಡಲೆ ಬಂದಾಗ ರೈತರಿಂದ ಕೊಂಡು, ತೂಗಿ, ಒಟ್ಟು ಮಾಡಿ ಮಿಲ್ಲಿಗೆ ಕಳಿಸುವುದು ನಮ್ಮ ಕೆಲಸ. ಹೆಸರು ಬರುವುದು ಮಳೆಗಾಲದಲ್ಲಿ. ಚೀಲದ ಬಾಯಿಯ ಕಾಳು ಬಿಸಿಲಿಗೆ ಒಣಗಿರುತ್ತದೆ, ತಳದ್ದು ತಂಪಾಗಿರುತ್ತದೆ. ಆದ್ದರಿಂದ ಪ್ರತಿ ಚೀಲಕ್ಕೂ ಉದ್ದನೆಯ ಮೊನಚು ಕೊಳವೆ ಚುಚ್ಚಿ, ಮೇಲಿನಿಂದ, ನಡುವಿನಿಂದ, ತಳದಿಂದ ಕಾಳು ತೆಗೆದು, ಕಲಸಿ, ಆಮೇಲೆ ತೇವದ ಮೀಟರಿಗೆ ಹಾಕಬೇಕು. ತೇವ ಶೇಕಡಾ ಹನ್ನೆರಡಕ್ಕಿಂತ ಹೆಚ್ಚು ಬಂದರೆ ಆ ಚೀಲ ಬೇರೆ ಇಡಬೇಕು. ಈ ಕೆಲಸ ನಮ್ಮ ತೂಕದ ಅಣ್ಣನದು. ವಯಸ್ಸಿನಲ್ಲಿ ನನಗಿಂತ ಹಿರಿಯರು. ಅವರ ಅಜ್ಜನ ಕಾಲದಿಂದ ಮನೆತನ ಇದೇ ಊರಲ್ಲಿದೆ. ಮನೆಯಲ್ಲಿ ಉರ್ದು, ಚೀಲ ತೂಗುವ ಕಾಂಟಾದ ಮುಂದೆ ನಮ್ಮೆಲ್ಲರಿಗಿಂತ ಗಟ್ಟಿ ಕನ್ನಡ.

ಲಾರಿ ಇಳಿಸಿ ತಾಡಪತ್ರಿಯ ಮೇಲೆ ಕಾಳು ಹರವಿದೆವು. ಯಾರದು ಹಸಿ, ಯಾರದು ಒಣ ಎಂದು ಈಗ ಹೇಳುವವರಾರು? ಎಲ್ಲ ಕಲೆತುಹೋಗಿತ್ತು, ಇಡೀ ಲಾರಿಗೇ ದರ ಇಳಿಸಬೇಕಾಯಿತು. ಒಣಗಿಸಿ ಒಣಗಿಸಿ ತಂದುಕೊಟ್ಟ ವಿಧವೆ ಹೆಣ್ಣುಮಗಳೊಬ್ಬಳ ಕಾಳಿಗೂ ಅದೇ ಕಡಿಮೆ ದರ. ಆಕೆ ಬಂದು, “ನಾ ಹಗಲೆಲ್ಲ ಕೋಳಿ ಕಾಯ್ದು ಒಣಗಿಸೀನಿ. ಮಂದಿ ಹಸೀ ಕಾಳಿಗೆ ನನ್ನ ದರಾ ಯಾಕ ಮುರೀತೀರಿ?” ಎಂದಳು. ತೂಕದ ಅಣ್ಣ ಅತ್ತ ಬೆನ್ನು ಮಾಡಿ ಚೀಲ ಹೊಲಿಯುವ ದಾರ ಸುತ್ತುತ್ತ ನಿಂತಿದ್ದರು. ಆ ಬೆನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು.

ಸಂಜೆ ಕಂಪನಿಯ ಅಧ್ಯಕ್ಷರ ಫೋನು. ಊರಿನ ದೊಡ್ಡ ಹೊಲದವರು, ಮಾತೂ ದೊಡ್ಡದು.

“ತಂಗೀ, ಅವಗೊಂದು ಕಾಗದ ಬರಿ. ಅಯೋಗ್ಯ ಅದಾನ, ಬೇಜವಾಬ್ದಾರಿ ಅದಾನ ಅಂತ ಸ್ವಚ್ಛ ಬರಿ. ನಾಳೆ ತಗದ್ರ ಯಾರೂ ಕೇಳಬಾರದು.”

“ಸುಧಾರಿಸ್ಲಿ ಅಂತ ಬರೀಲಿಕ್ಕ ಹೇಳ್ತೀರೋ, ತಗೀಲಿಕ್ಕ ಹೇಳ್ತೀರೋ?”

“ಎರಡೂ ಒಂದ. ಬರಿ ಮೊದಲ.”

ಕೂತು ಬರೆದೆ. ಸಿಟ್ಟಿನಲ್ಲಿ ಬರೆದದ್ದು, ಅಧ್ಯಕ್ಷರು ಹೇಳಿದ್ದಕ್ಕಿಂತ ಖಾರವಾಗಿಯೇ ಬಂತು. ‘ನೀವು ಯಾವಾಗಲೂ ಮಾದರಿ ಸರಿಯಾಗಿ ತೆಗೆಯುವುದಿಲ್ಲ’ ಎಂದು ಬರೆದು, ಆ ‘ಯಾವಾಗಲೂ’ ಕಣ್ಣಿಗೆ ಚುಚ್ಚಿತು. ನಾಳೆ ಅವರು, ‘ಯಾವಾಗ? ಹೇಳ್ರಿ’ ಅಂದರೆ ನಾನು ಬಾಯಿ ಬಾಯಿ ಬಿಡಬಾರದಲ್ಲ? ತೇವದ ಅಂಕಿ ಬರೆಯುವ ಪುಸ್ತಕವನ್ನು ಲಾರಿ ಲಾರಿಗೂ ಮಿಲ್ಲಿನವರು ಕೊಟ್ಟ ಚೀಟಿಗಳ ಬಾಜೂಕ ಇಟ್ಟು ತಾಳೆ ಹಾಕಿದೆ. ಪರ ಊರಿನ ರೈತರ ಕಾಳು ಹೋದ ಲಾರಿಗಳ ಅಂಕಿ ಮಿಲ್ಲಿನ ಅಂಕಿಗೆ ಸರಿಯಾಗಿ ಕೂಡುತ್ತಿತ್ತು. ಕೂಡದೆ ಇದ್ದದ್ದು ನಮ್ಮೂರವರ ಕಾಳು ಹೋದ ಲಾರಿಗಳದು ಮಾತ್ರ.

ಅಂದರೆ ಮನುಷ್ಯನಿಗೆ ಕೆಲಸ ಬರುತ್ತದೆ. ಬಂದೂ ಮಾಡುವುದಿಲ್ಲ. ನನ್ನ ಸಿಟ್ಟು ಇನ್ನಷ್ಟು ಏರಿತು.

ಮರುದಿನ ಅವರನ್ನು ಒಳಗೆ ಕರೆದು, ಬಾಗಿಲು ಹಾಕಿ, ಕುರ್ಚಿ ಕೊಟ್ಟೆ. ಕಾಗದ ಕೊಡುವ ಮೊದಲು ಕೇಳಬೇಕು ಅನ್ನಿಸಿತ್ತು.

“ಅಣ್ಣಾರ, ಪರ ಊರವ್ರ ಚೀಲ ಚುಚ್ಚತೀರಿ. ನಮ್ಮೂರವ್ರದು ಯಾಕ ಚುಚ್ಚೂದಿಲ್ಲ?”

“ಅಕ್ಕಾರ, ನೀವು ಒಳಗ ಕೂತಿರ್ತೀರಿ. ಮಾಲಕ ತಾನ ಚೀಲದ ಬಾಯಿ ಬಿಚ್ಚಿ, ತನ್ನ ಕೈಯಾರೆ ಒಂದು ಮುಷ್ಟಿ ಕೊಡ್ತಾನ. ಅದನ್ನ ಬಿಟ್ಟು ನಾ ಚೀಲಕ್ಕ ಚುಚ್ಚಿದ್ರ, ‘ಏನಲೇ, ನನ್ನ ಮ್ಯಾಲ ನಂಬಿಗಿ ಇಲ್ಲೇನು? ನಿಮ್ಮಪ್ಪ ನಮ್ಮ ಮನ್ಯಾಗ ಉಂಡಾನ’ ಅಂತಾರ. ಸಂಜೀಕ ಅವ್ರ ಮುಂದನ ಹಾದು ಮನೀಗೆ ಹೋಗಬೇಕು ನಾ.”

“ಅದಕ್ಕ ಲಾರಿ ವಾಪಸ್ ಬರ್ಲಿ?”

“ಹಂಗ ಅಂದೆನೇನ್ರಿ?”

“ನಾನು ಎಷ್ಟು ಸಲ ಹೇಳಿಲ್ಲ, ಚೀಲ ಚೀಲದಾಗಿಂದ ತಗೊಳ್ಳೂಣು ಅಂತ?”

ಅವರು ನನ್ನನ್ನು ನೇರವಾಗಿ ನೋಡಿದರು. “ಹೌದ್ರಿ. ತಗೊಳ್ಳೂಣು ಅಂದ್ರಿ. ತಗೋರಿ ಅಂತ ಒಮ್ಮೆನೂ ಅನ್ಲಿಲ್ಲ. ನಾಳೆ ಜಾತ್ರಿಗೆ ಹೋಗೂಣು ಅಂತಾರಲ್ರಿ, ಹಂಗ ತಿಳ್ಕೊಂಡೆ. ನೀವು ಬಂದು ಬಾಜು ನಿಂದ್ರತೀರಿ, ಅವಾಗ ಇಬ್ರೂ ಕೂಡಿ ತಗೊಳ್ಳೂದು ಅಂತ.”

ಎದ್ದು ಹೊರಗೆ ಹೋಗಿಬಿಡಬೇಕು ಅನ್ನಿಸಿತು. ಅರ್ಧ ನೆವ, ಅರ್ಧ ಖರೆ. ನಮ್ಮ ಕಡೆ ಹಿರಿಯರಿಗೆ ಕೆಲಸ ಹೇಳುವಾಗ ‘ಮಾಡ್ರಿ’ ಅಂದರೆ ಒರಟಾಗುತ್ತದೆಂದು ‘ಮಾಡೂಣು’ ಅನ್ನುತ್ತೇವೆ. ಮರ್ಯಾದೆಗೆ ಆಡುವ ಮಾತು. ಮನಸ್ಸಿದ್ದವನಿಗೆ ಅದರೊಳಗಿನ ಆಜ್ಞೆ ಕೇಳುತ್ತದೆ, ಮನಸ್ಸಿಲ್ಲದವನಿಗೆ ನುಣುಚಿಕೊಳ್ಳಲು ದಾರಿ ಸಿಗುತ್ತದೆ. ಇವರಿಗೆ ಅದು ಕೇಳಿರಲಿಲ್ಲ ಎಂದು ನಾನು ಇವತ್ತಿಗೂ ನಂಬುವುದಿಲ್ಲ. ಆದರೆ ಕಾಗದದಲ್ಲಿ ಆ ದಾರಿ ಇರಬಾರದು ಎನ್ನುವುದು ಮಾತ್ರ ಅಲ್ಲಿಯೇ ಗಟ್ಟಿಯಾಯಿತು.

ಹಳೆಯ ಕಾಗದವನ್ನು ಅಳಿಸಿ ಹೊಸದು ಬರೆದೆ. ಮಾನ್ಯರೇ ಎಂದು ಶುರು ಮಾಡಿದೆ. ಅಯೋಗ್ಯ, ಬೇಜವಾಬ್ದಾರಿ ಯಾವುದೂ ಇಲ್ಲ. ಯಾವ ಲಾರಿಗಳು ವಾಪಸ್ಸಾದವು, ಯಾವ ಊರಿನ ಕಾಳು ಹೋದ ಲಾರಿಗಳಿಗೆ ಅಂಕಿ ಕೂಡಲಿಲ್ಲ, ಅದರಿಂದ ಒಣ ಕಾಳು ತಂದವರಿಗೂ ದರ ಕಡಿಮೆಯಾದದ್ದು, ಇಷ್ಟನ್ನು ನಡೆದ ಹಾಗೆ ಬರೆದೆ. ಪರ ಊರವರ ಕಾಳಿನಲ್ಲಿ ಕೆಲಸ ಸರಿಯಿದೆ ಎನ್ನುವುದನ್ನೂ ಬರೆದೆ, ಅದೂ ನಡೆದದ್ದೇ. ಆಮೇಲೆ: ‘ಯಾರದೇ ಇರಲಿ, ಪ್ರತಿ ಚೀಲದಿಂದ ನೀವೇ ಕೊಳವೆಯಿಂದ ಮಾದರಿ ತೆಗೆದುಕೊಳ್ಳಬೇಕು. ಮಾಲೀಕರು ಕೈಯಿಂದ ಕೊಟ್ಟ ಕಾಳನ್ನು ಮೀಟರಿಗೆ ಹಾಕಬಾರದು.’ ಕಂಪನಿ ಮಾಡಬೇಕಾದದ್ದನ್ನು ಅದರ ಕೆಳಗೇ ಬರೆದೆ. ಎಲ್ಲರ ಚೀಲವನ್ನೂ ಚುಚ್ಚಲಾಗುವುದು, ಇದು ಕಂಪನಿಯ ನಿಯಮ ಎಂದು ಕಾಂಟಾದ ಮೇಲೆ ಬೋರ್ಡು ಹಾಕುವುದು. ಮೊದಲ ವಾರ ನಾನೇ ಬಾಜೂಕ ನಿಲ್ಲುವುದು. ವಾರಕ್ಕೊಮ್ಮೆ ಕೂತು ಅಂಕಿ ನೋಡುವುದು, ತಿಂಗಳ ಕೊನೆಗೆ ತೀರ್ಮಾನ. ಸುಧಾರಿಸದಿದ್ದರೆ ಕೆಲಸಕ್ಕೆ ಕುತ್ತು ಬರಬಹುದು ಎನ್ನುವುದನ್ನೂ ಮುಚ್ಚಿಡಲಿಲ್ಲ. ಮುಚ್ಚಿಟ್ಟರೆ ಅದು ಮರ್ಯಾದೆಯಲ್ಲ, ಮೋಸ.

ಕಾಗದ ಓದಿ ಅಣ್ಣನ ಮುಖ ಕಪ್ಪಿಟ್ಟಿತು. “ನಾ ಸಹಿ ಮಾಡಂಗಿಲ್ರಿ. ಸಹಿ ಮಾಡಿದ್ರ ತಪ್ಪು ಒಪ್ಪಿಕೊಂಡಂಗ.”

“ಅಲ್ರಿ. ಸಹಿ ಮ್ಯಾಲ ‘ಮುಟ್ಟಿದೆ’ ಅಂತ ಬರೀರಿ. ಕಾಗದ ಕೈಗೆ ಮುಟ್ಟೇತಿ, ಅಷ್ಟ. ಒಪ್ಪೂದಿಲ್ಲಂದ್ರ ಅದನ್ನೂ ಕೆಳಗ ಬರೀರಿ, ಜಾಗಾ ಬಿಟ್ಟೀನಿ.”

ಬರೆದರು: ‘ಮುಟ್ಟಿದೆ. ಬೋರ್ಡು ಮೊದಲೇ ಹಾಕಿದ್ದರೆ ಈ ಕಾಗದ ಬೇಕಾಗುತ್ತಿರಲಿಲ್ಲ.’ ಪೆನ್ನನ್ನು ಮೇಜಿನ ಮೇಲೆ ಕುಕ್ಕಿ ಹೋದರು.

ಬೋರ್ಡು ಬಂತು. ನಾನು ನಿಂತೆ. ಮೊದಮೊದಲು ಜನ ಮುಷ್ಟಿ ಚಾಚುತ್ತಿದ್ದರು, ಅಣ್ಣ ಮಾತಿಲ್ಲದೆ ಬೋರ್ಡಿನ ಕಡೆ ಗದ್ದ ಎತ್ತಿ ತೋರಿಸಿ ಚೀಲಕ್ಕೆ ಚುಚ್ಚುತ್ತಿದ್ದರು. ಒಬ್ಬ, “ಏನೋ ಮಾಮಾ, ಡಾಕ್ಟರ್ ಆಗಿ ಬಿಟ್ಟಿ, ಎಲ್ಲಾರಿಗೂ ಸೂಜಿ ಹಾಕ್ಲಿಕ್ಕ ಹತ್ತಿ” ಅಂದ. ಅಣ್ಣ, “ಜ್ವರಾ ಇದ್ದವ್ರಿಗೆ ಬಾಜೂಕ ಮಲಗಸ್ತೀನಿ, ತಡಿ” ಅಂದು ಅವನ ಎರಡು ಚೀಲ ಪಕ್ಕಕ್ಕಿಟ್ಟರು. ಮುಂದಿನ ಲಾರಿಗಳು ವಾಪಸ್ಸು ಬರಲಿಲ್ಲ.

ಮೂರನೆಯ ವಾರದಲ್ಲಿ ಅಧ್ಯಕ್ಷರ ಟ್ರ್ಯಾಕ್ಟರು ಬಂತು. ಅವರೇ ಇಳಿದು, ಚೀಲ ಬಿಚ್ಚಿ ಮುಷ್ಟಿ ಚಾಚಿದರು. ಅಣ್ಣ ಕೊಳವೆ ತೆಗೆದುಕೊಂಡರು.

“ನನಗೂನು?”

“ಬೋರ್ಡಿನ್ಯಾಗ ಎಲ್ಲಾರದೂ ಅಂತ ಐತ್ರಿ ಸಾಹುಕಾರ್ರ.”

ಒಂದೊಂದೇ ಚೀಲ ಚುಚ್ಚಿದರು. ಕಾಳು ಅಗದಿ ಒಣಗಿತ್ತು, ಒಂದು ಚೀಲವೂ ಪಕ್ಕಕ್ಕೆ ಹೋಗಲಿಲ್ಲ. ಅಷ್ಟಾದರೂ ಸಾಲಿನಲ್ಲಿ ನಿಂತವರ ಮುಂದೆ ಅಧ್ಯಕ್ಷರ ಕೈಯ ಕಾಳು ಹಾಗೇ ಉಳಿಯಿತು. ಅದನ್ನು ನೆಲಕ್ಕೆ ಉದುರಿಸಿ ನನ್ನ ಖೋಲಿಗೆ ಬಂದರು.

“ತಂಗೀ, ತಿಂಗಳ ಆಗ್ಲಿಕ್ಕ ಬಂತು. ಸುಧಾರಣಿ ಇಲ್ಲ ಅಂತ ಬರದು ಅವನ್ನ ಕಳಸು. ಹೊಸಬರನ್ನ ನಾ ನೋಡೇನಿ.”

ಇಷ್ಟು ದಿನ ಅಣ್ಣನ ಮೇಲಿದ್ದ ಸಿಟ್ಟು ಒಮ್ಮೆಲೆ ಬೇರೆ ಕಡೆ ತಿರುಗಿತು. ಇವರಿಗೆ ಲಾರಿಯ ಚಿಂತೆ ಇರಲಿಲ್ಲ, ಆ ಹೆಣ್ಣುಮಗಳ ದರದ ಚಿಂತೆಯೂ ಇರಲಿಲ್ಲ; ಮೊದಲಿನಿಂದಲೂ ಬೇಕಾಗಿದ್ದದ್ದು ಅಣ್ಣನನ್ನು ತೆಗೆಯುವುದಷ್ಟೇ. ನಾನು ಕಾಗದದ ನಕಲು ತೆಗೆದು ಮುಂದಿಟ್ಟೆ.

“ಯಾವ ಸುಧಾರಣಿ ಇಲ್ರಿ? ಏನು ಮಾಡಬೇಕು ಅಂತ ಇಲ್ಲೆ ಬರದೈತಿ. ಅದನ್ನ ಮಾಡ್ಯಾರ. ಈಗ ನಿಮ್ಮ ಕಣ್ಣ ಮುಂದ, ನಿಮ್ಮ ಚೀಲಕ್ಕನ ಮಾಡಿದ್ರು. ಮಾಡಿದ್ದಕ್ಕ ತಗದೀವಿ ಅಂತ ಬರೀಬೇಕಾದ್ರ ನೀವ ಬರೀರಿ, ನನ್ನ ಕೈಲೆ ಆಗೂದಿಲ್ಲ.”

“ನಾ ಬರೀ ಅಂದದ್ದು ಯಾಕ ಅಂತ ನಿನಗ ಗೊತ್ತಿತ್ತು.”

“ಗೊತ್ತಿತ್ರಿ. ಅದಕ್ಕ ಹಿಂಗ ಬರದೆ.”

ಆ ಮಾತು ಪೂರಾ ನಿಜವಲ್ಲ. ಆದರೆ ಆ ಹೊತ್ತಿಗೆ ನಿಜವಾಯಿತು. ಅವರು ಚಹಾ ಕುಡಿಯದೆ ಎದ್ದುಹೋದರು. ತಿಂಗಳ ಕೊನೆಯ ಸಭೆಯಲ್ಲಿ ನಾನು ಅಂಕಿಗಳನ್ನಿಟ್ಟೆ, ಉಳಿದ ನಿರ್ದೇಶಕರು ಲಾರಿಯ ಬಾಡಿಗೆ ಉಳಿತಾಯವಾದದ್ದನ್ನು ನೋಡಿ ಒಪ್ಪಿಕೊಂಡರು. ಅಣ್ಣನ ಕೆಲಸ ಉಳಿಯಿತು.

ಅಣ್ಣನಿಗೆ ನಾನೇ ಹೋಗಿ ಹೇಳಿದೆ. ಕೃತಜ್ಞತೆಯನ್ನೇನೂ ಬಯಸಿರಲಿಲ್ಲ, ಬರಲೂ ಇಲ್ಲ. ಕೊಳವೆ ಒರೆಸುತ್ತಲೇ ಕೇಳಿದರು: “ಬಾಯಿಲೆ ಹೇಳಿದ್ರ ಹೆಂಗ್ರಿ? ಆ ಕಾಗದ ಕಪಾಟಿನ್ಯಾಗ ಇರತೈತಿ. ಮುಂದಿನ ವರ್ಷ ಯಾರರ ತಗದ ಓದತಾರ. ಮುಗೀತು ಅಂತ ಇನ್ನೊಂದ ಕಾಗದ ಕೊಡ್ರಿ.”

ಸರಿಯಾದ ಮಾತು. ಅಧ್ಯಕ್ಷರು ಅದಕ್ಕೆ ಸಹಿ ಹಾಕುವುದಿಲ್ಲ ಎಂದರು, ನಾನು ಹಾಕಿದೆ. ಮನಸ್ಸು ಸ್ವಲ್ಪ ಮೆತ್ತಗಾಗಿ ಕೊನೆಗೆ ‘ನಿಮ್ಮ ಸೇವೆ ಎಲ್ಲರಿಗೂ ಮಾದರಿ’ ಎಂದು ಒಂದು ಸಾಲು ಸೇರಿಸಿದ್ದೆ. ಅಣ್ಣ ನಿಂತುಕೊಂಡೇ ಓದಿ, ಆ ಸಾಲಿನ ಮೇಲೆ ಬೆರಳಿಟ್ಟರು.

“ಇದನ್ನ ತಗೀರಿ. ಏನು ಆಗಬೇಕಿತ್ತು, ಆತು, ಮುಗೀತು. ಅಷ್ಟ ಇರ್ಲಿ.”

ತೆಗೆದು ಮತ್ತೊಮ್ಮೆ ಅಚ್ಚು ಹಾಕಿ ಕೊಟ್ಟೆ. ಮಡಚಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು, ನನ್ನ ಕಡೆ ನೋಡದೆ ಕಾಂಟಾದ ಕಡೆ ಹೋದರು.